ವಿಷಯ: ಕಲಬುರಗಿ ಪ್ರವಾಸದ ಮುಂಗಡ 31,000 ರೂಪಾಯಿಯ ಲೆಕ್ಕ ಚುಕ್ತಾ – ಬಿಲ್ಲುಗಳು ಮತ್ತು ಮರಳಿಸಿದ ಬಾಕಿ 1,400 ರೂಪಾಯಿ (2026ರ ಜನವರಿ 19ರಿಂದ 23)

ಇವರಿಗೆ: ವ್ಯವಸ್ಥಾಪಕರು, ಲೆಕ್ಕಪತ್ರ ವಿಭಾಗ
ಪ್ರತಿ: ಕಾರ್ಯಕ್ರಮ ವ್ಯವಸ್ಥಾಪಕರು, ನಗದು ವಿಭಾಗ
ದಿನಾಂಕ: 27 ಜನವರಿ 2026

ನಮಸ್ಕಾರ ಮೇಡಂ,

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ ತೊಗರಿ ಬೆಳೆಗಾರರಿಗಾಗಿ ನಾವು ನಡೆಸಿದ ಕಾಳು ಸಂಗ್ರಹಣೆ ತರಬೇತಿಯ ಖರ್ಚಿನ ಲೆಕ್ಕವನ್ನು ಈ ಪತ್ರದೊಂದಿಗೆ ಸಲ್ಲಿಸುತ್ತಿದ್ದೇನೆ. ಮೂಲ ಬಿಲ್ಲುಗಳು, ವೋಚರ್‌ಗಳು ಮತ್ತು ಸಹಿ ಪಟ್ಟಿ ಇರುವ ಕಡತವನ್ನು ಇಂದು ಬೆಳಿಗ್ಗೆಯೇ ನಿಮ್ಮ ವಿಭಾಗಕ್ಕೆ ಕೊಟ್ಟಿದ್ದೇನೆ. ಅವುಗಳ ಸ್ಕ್ಯಾನ್ ಪ್ರತಿಗಳು ಇದರ ಜೊತೆಗಿವೆ. ಬಾಕಿ ಹಣವನ್ನು ನಗದು ವಿಭಾಗದಲ್ಲಿ ಕಟ್ಟಿ ರಸೀದಿ ಪಡೆದಿದ್ದೇನೆ.

ಒಟ್ಟು ಲೆಕ್ಕ ಹೀಗಿದೆ:

ಜನವರಿ 19ರಂದು ನಗದಾಗಿ ಪಡೆದ ಮುಂಗಡ: 25,000
ಜನವರಿ 21ರಂದು ನನ್ನ ಖಾತೆಗೆ ಬಂದ ಹೆಚ್ಚುವರಿ ಮುಂಗಡ: 6,000
ಒಟ್ಟು ಮುಂಗಡ: 31,000
ಒಟ್ಟು ಖರ್ಚು: 29,600
ಜನವರಿ 27ರಂದು ಮರಳಿಸಿದ ಬಾಕಿ: 1,400

ಹೋಗಿ ಬರುವ ಎರಡೂ ರೈಲು ಟಿಕೆಟ್‌ಗಳನ್ನು ಕಚೇರಿಯೇ ಕಾಯ್ದಿರಿಸಿತ್ತು. ಆದ್ದರಿಂದ ಆ ಹಣ ಈ ಲೆಕ್ಕದಲ್ಲಿ ಇಲ್ಲ. ಪ್ರಯಾಣ ಮಾಡಿದ್ದಕ್ಕೆ ಆಧಾರವಾಗಿ ಟಿಕೆಟ್ ಪ್ರತಿಗಳನ್ನು ಮಾತ್ರ ಲಗತ್ತಿಸಿದ್ದೇನೆ. ಕಲಬುರಗಿ ಮತ್ತು ಮಾದನಹಿಪ್ಪರಗಾ ನಡುವೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಓಡಾಡಿದೆ. ಶಕ್ತಿ ಯೋಜನೆಯಡಿ ನನಗೆ ಸಿಕ್ಕಿದ್ದು ಶೂನ್ಯ ದರದ ಟಿಕೆಟ್, ಹಾಗಾಗಿ ಬಸ್ ಪ್ರಯಾಣಕ್ಕೆ ಒಂದು ರೂಪಾಯಿಯನ್ನೂ ಕೇಳಿಲ್ಲ. ಆದರೂ ಆ ಟಿಕೆಟ್‌ಗಳನ್ನು ಒಂದು ಹಾಳೆಗೆ ಅಂಟಿಸಿ ಇಟ್ಟಿದ್ದೇನೆ. ಯಾವ ದಿನ ಎಲ್ಲಿದ್ದೆ ಎಂಬುದಕ್ಕೆ ಅವೇ ಸಾಕ್ಷಿ.

ಮುದ್ರಿತ ಬಿಲ್ಲು ಅಥವಾ ರಸೀದಿ ಇರುವ ಖರ್ಚು ಒಟ್ಟು 10,420 ರೂಪಾಯಿ. ಇದರಲ್ಲಿ ಕಲಬುರಗಿಯ ವಸತಿಗೃಹದ ಬಿಲ್ 2,940: ದಿನಕ್ಕೆ 1,400ರಂತೆ ಎರಡು ದಿನ, ಅದರ ಮೇಲೆ ಶೇಕಡಾ 5ರ ಜಿಎಸ್‌ಟಿ 140. ಬಿಲ್ಲು ನಮ್ಮ ಸಂಸ್ಥೆಯ ಹೆಸರಿನಲ್ಲಿದೆ. ಶಾಮಿಯಾನ ಅಂಗಡಿಯಿಂದ ಕುರ್ಚಿ ಮತ್ತು ಮೈಕ್‌ಗೆ 3,500, ಎರಡನೆಯ ದಿನ ಕರೆಂಟ್ ಹೋದಾಗ ತರಿಸಿದ ಜನರೇಟರ್‌ಗೆ 900, ಒಟ್ಟು 4,400. ಸಮುದಾಯ ಭವನದ ಬಾಡಿಗೆ 1,000, ಅದಕ್ಕೆ ಗ್ರಾಮ ಪಂಚಾಯಿತಿಯ ರಸೀದಿ ಇದೆ. ಕೈಪಿಡಿಯ 25 ಹೆಚ್ಚುವರಿ ಪ್ರತಿಗಳ ಜೆರಾಕ್ಸ್‌ಗೆ 900, ಪೆನ್ನು, ನೋಟ್‌ಬುಕ್, ಚಾರ್ಟ್ ಹಾಳೆಗಳಿಗೆ 640. ಬೆಂಗಳೂರಿನಲ್ಲಿ ಮನೆಯಿಂದ ಮೆಜೆಸ್ಟಿಕ್ ರೈಲು ನಿಲ್ದಾಣಕ್ಕೆ ಹೋಗಿ ಬಂದ ಆಟೊ ಬಾಡಿಗೆ 540, ಆಪ್‌ನಲ್ಲಿ ಬಂದ ರಸೀದಿಗಳ ಮುದ್ರಿತ ಪ್ರತಿ ಇದೆ. ವಸತಿಗೃಹದ ಮತ್ತು ಜೆರಾಕ್ಸ್ ಅಂಗಡಿಯ ಬಿಲ್ಲುಗಳು ಶಾಖಕ್ಕೆ ಅಚ್ಚಾಗುವ ನುಣುಪು ಕಾಗದದವು. ಲೆಕ್ಕಪರಿಶೋಧನೆಯ ಹೊತ್ತಿಗೆ ಅಕ್ಷರ ಮಾಸಿಹೋಗುವ ಕಾಗದ ಅದು. ಹಾಗಾಗಿ ಈಗಲೇ ಜೆರಾಕ್ಸ್ ತೆಗೆದು ಮೂಲದ ಹಿಂದೆ ಪಿನ್ ಮಾಡಿದ್ದೇನೆ.

ಊಟದ ಖರ್ಚು 10,800 ರೂಪಾಯಿ. ಈ ಲೆಕ್ಕದಲ್ಲಿ ಅತಿ ದೊಡ್ಡ ಮೊತ್ತ ಇದೇ. ಇದಕ್ಕೆ ಅಚ್ಚಾದ ಬಿಲ್ಲು ಇಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಸಮಯ ಮಾಡಿಕೊಂಡು ಓದಬೇಕು.

ಅಡುಗೆಯ ಹೊಣೆ ಹೊತ್ತವರು ಊರಿನ ಸ್ತ್ರೀಶಕ್ತಿ ಸ್ವಸಹಾಯ ಸಂಘದವರು. ಒಂದು ಊಟಕ್ಕೆ 90 ರೂಪಾಯಿ ಎಂದು ಮೊದಲೇ ಮಾತಾಗಿತ್ತು. ಮೊದಲ ದಿನ 62 ಜನ, 5,580 ರೂಪಾಯಿ. ಎರಡನೆಯ ದಿನ 58 ಜನ, 5,220 ರೂಪಾಯಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ, ಅನ್ನ, ಸಾರು ಇಷ್ಟೂ ಆ ತೊಂಬತ್ತರಲ್ಲಿಯೇ. ಅಷ್ಟು ಜನಕ್ಕೆ ರೊಟ್ಟಿ ಬಡಿಯಲು ಅವರು ನಸುಕಿನಲ್ಲೇ ಒಲೆ ಹಚ್ಚಿದ್ದರು. ಬಿಲ್ ಪುಸ್ತಕವಿರುವ ಹೋಟೆಲಿನವರನ್ನು ಆಳಂದದಿಂದ ಕರೆಸಬಹುದಿತ್ತು. ಆದರೆ ಊಟದ ದರದ ಮೇಲೆ ಸಾಗಣೆಯ ಖರ್ಚೂ ಬೀಳುತ್ತಿತ್ತು, ಹಣ ಊರಿನ ಹೆಣ್ಣುಮಕ್ಕಳ ಕೈ ಸೇರುತ್ತಲೂ ಇರಲಿಲ್ಲ. ಇದು ಸರಿಯಾದ ಖರ್ಚು ಎಂಬ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಹಣವನ್ನು ಸಂಘದ ಬ್ಯಾಂಕ್ ಖಾತೆಗೆ ಹಾಕಲೇ ಎಂದು ಕೇಳಿದ್ದೆ. ಕಿರಾಣಿ ಅಂಗಡಿಗೂ ತರಕಾರಿಯವರಿಗೂ ಅಂದೇ ದುಡ್ಡು ಕೊಡಬೇಕಿದ್ದುದರಿಂದ ಅವರು ನಗದನ್ನೇ ಕೇಳಿದರು. ಆಯಾ ದಿನದ ಹಣವನ್ನು ಅಂದಂದೇ ಕೊಟ್ಟೆ. ಎರಡೂ ಮೊತ್ತಗಳು 5,000 ಮೀರಿರುವುದರಿಂದ ಎರಡೂ ರಸೀದಿಗಳಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಸಹಿ ಹಾಕಿಸಿದ್ದೇನೆ. ಅಧ್ಯಕ್ಷೆಯವರ ಸಹಿ, ಖಜಾಂಚಿಯವರ ಹೆಬ್ಬೆಟ್ಟು, ಸಂಘದ ಮೊಹರು ಮೂರೂ ಇವೆ. ಪಾಸ್‌ಬುಕ್‌ನ ಮೊದಲ ಪುಟ ಮತ್ತು ಅಡುಗೆ ಒಪ್ಪಿಕೊಂಡ ಬಗ್ಗೆ ಅವರ ನಡಾವಳಿ ಪುಸ್ತಕದಲ್ಲಿರುವ ಠರಾವಿನ ಪ್ರತಿಯೂ ಜೊತೆಗಿವೆ. ಇವರ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿಯ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಜಿಎಸ್‌ಟಿ ನೋಂದಣಿ ಇಲ್ಲ, ತೆರಿಗೆ ಹಾಕಿಯೂ ಇಲ್ಲ. ಒಬ್ಬರಿಗೇ ಒಂದೇ ದಿನ 10,000 ರೂಪಾಯಿ ಮೀರಿ ನಗದು ಪಾವತಿಸಬಾರದೆಂಬ ಮಿತಿಯೂ ಈ ಪ್ರವಾಸದಲ್ಲಿ ಎಲ್ಲಿಯೂ ದಾಟಿಲ್ಲ. ಹಾಜರಾತಿ ಪಟ್ಟಿಯ ತಲೆ ಎಣಿಕೆಗೂ ಊಟದ ಲೆಕ್ಕಕ್ಕೂ ತಾಳೆ ನೋಡಿದರೆ ನನ್ನನ್ನೂ ಸೇರಿಸಿ ಸರಿಹೋಗುತ್ತದೆ. ಈ ಎರಡು ರಸೀದಿಗಳನ್ನು ಬಿಲ್ಲಿಗೆ ಸಮನಾಗಿ ಪರಿಗಣಿಸಿ ಪೂರ್ಣ ಮೊತ್ತವನ್ನು ಮಂಜೂರು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಮಂಜೂರಾಗಿದ್ದು 40 ಜನರಿಗೆ. ಈಗ ಅಲ್ಲಿ ತೊಗರಿ ರಾಶಿಯ ಕಾಲ. ಕಾಳು ಮನೆಗೆ ಬಂದು ಬೀಳುತ್ತಿರುವ ಹೊತ್ತಿನಲ್ಲಿ ಹುಳು ಬೀಳದಂತೆ ಇಡುವುದನ್ನು ಕಲಿಸುತ್ತಾರೆಂದು ಸುದ್ದಿ ಹರಡಿ, 20ರ ಸಂಜೆಯ ಹೊತ್ತಿಗೆ ಹೆಸರು ಕೊಟ್ಟವರು ಅರವತ್ತು ದಾಟಿದ್ದರು. ಅಂದೇ ರಾತ್ರಿ ಕಾರ್ಯಕ್ರಮ ವ್ಯವಸ್ಥಾಪಕರಿಗೆ ಫೋನ್ ಮಾಡಿ ತಿಳಿಸಿದೆ. ಅವರು ಮಿಂಚಂಚೆಯಲ್ಲಿ ಒಪ್ಪಿಗೆ ಕೊಟ್ಟರು, ಮರುದಿನ ಬೆಳಿಗ್ಗೆ 6,000 ಬಂತು. ಆ ಮಿಂಚಂಚೆಯ ಪ್ರತಿ ಕಡತದ ಮೊದಲ ಪುಟದಲ್ಲಿದೆ.

ಭಾಗವಹಿಸಿದವರ ಪ್ರಯಾಣಕ್ಕೆ 2,110 ರೂಪಾಯಿ ಆಗಿದೆ. ಈ ಬಾಬ್ತಿಗೆ 6,000 ಇಟ್ಟಿದ್ದೆವು. ಹೊರ ಊರಿನ ಮಹಿಳೆಯರಲ್ಲಿ ಹೆಚ್ಚಿನವರು ಶೂನ್ಯ ಟಿಕೆಟ್‌ನಲ್ಲಿ ಬಸ್ಸಿಗೆ ಬಂದರು, ಅವರಿಗೆ ಏನೂ ಕೊಡಬೇಕಾಗಲಿಲ್ಲ. ಹೊರ ಊರಿನಿಂದ ಬಂದ ಗಂಡಸರಿಗೆ ಅವರವರ ಟಿಕೆಟ್ ನೋಡಿ ಎರಡು ದಿನಕ್ಕೆ ಒಟ್ಟು 1,390 ಕೊಟ್ಟಿದ್ದೇನೆ. ಉಳಿದ 720 ಒಂದು ತಾಂಡಾದ ಒಂಬತ್ತು ಮಹಿಳೆಯರು ಬಂದು ಹೋದ ಟಂಟಂ ಬಾಡಿಗೆ, ದಿನಕ್ಕೆ 360ರಂತೆ. ಆ ತಾಂಡಾಕ್ಕೆ ಬಸ್ಸೇ ಇಲ್ಲ. ಬಸ್ಸು ಹೋಗದ ಕಡೆ ಉಚಿತ ಟಿಕೆಟ್ ಇದ್ದೂ ಪ್ರಯೋಜನವಾಗುವುದಿಲ್ಲ. ‘ಮಹಿಳೆಯರಿಗೆ ಪ್ರಯಾಣ ಉಚಿತವಲ್ಲವೇ’ ಎಂಬ ಪ್ರಶ್ನೆ ಬರಬಹುದೆಂದು ಇದನ್ನು ಬಿಡಿಸಿ ಬರೆದಿದ್ದೇನೆ. ಹಣ ಪಡೆದ ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು ಪಟ್ಟಿಯಲ್ಲಿದೆ. ಟಂಟಂ ಚಾಲಕರ ಸಹಿಯೂ ವಾಹನ ಸಂಖ್ಯೆಯೂ ಅದೇ ಪಟ್ಟಿಯ ಕೊನೆಯಲ್ಲಿವೆ. ಮುಂದಿನ ತರಬೇತಿಗಳ ಅಂದಾಜು ಪಟ್ಟಿಯಲ್ಲಿ ಮಹಿಳೆಯರ ಬಸ್ ದರವನ್ನು ತೆಗೆದು, ಬಸ್ಸಿಲ್ಲದ ಊರುಗಳ ವಾಹನಕ್ಕೆ ಪ್ರತ್ಯೇಕ ಮೊತ್ತ ಇಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ವೋಚರ್ ಮೇಲೆ ತೋರಿಸಿರುವ ಖರ್ಚು 5,420. ತೇವಾಂಶ ಮಾಪಕಗಳು ಮತ್ತು ಕಾಳು ತುಂಬುವ ಗಾಳಿಯಾಡದ ಚೀಲಗಳ ಪೆಟ್ಟಿಗೆಗಳನ್ನು ಕಲಬುರಗಿ ನಿಲ್ದಾಣದಿಂದ ಊರಿಗೆ ಸಾಗಿಸಿ, ಮಾಪಕಗಳನ್ನು ವಾಪಸ್ ತಂದ ಗೂಡ್ಸ್ ಆಟೊಗೆ ಒಂದು ಸಲಕ್ಕೆ 1,500ರಂತೆ 3,000. ನಿಲ್ದಾಣದಲ್ಲಿ ಹಮಾಲಿ 200. ಕಲಬುರಗಿ ನಗರದೊಳಗಿನ ಆಟೊ 300. ಚಹಾ 1,920: ದಿನಕ್ಕೆ ಎರಡು ಬಾರಿಯಂತೆ ಒಟ್ಟು 240 ಕಪ್, ಕಪ್ಪಿಗೆ 8 ರೂಪಾಯಿ, ಅಂಗಡಿಯವರ ಕೈಬರಹದ ಚೀಟಿ ಇದೆ. ಗೂಡ್ಸ್ ಆಟೊ ಚಾಲಕರ ಸಹಿ, ವಾಹನ ಸಂಖ್ಯೆ, ದೂರವಾಣಿ ಸಂಖ್ಯೆ ವೋಚರ್‌ನಲ್ಲಿವೆ. ಬೇಕಿದ್ದರೆ ನೇರವಾಗಿ ಕೇಳಬಹುದು. ಹಮಾಲಿ ಮತ್ತು ನಗರದ ಆಟೊಗಳಿಗೆ ನನ್ನ ಸ್ವಯಂ ಘೋಷಣೆ ಮಾತ್ರ ಇದೆ, ಹೊರಟ ಸ್ಥಳ, ತಲುಪಿದ ಸ್ಥಳ ಮತ್ತು ಕೊಟ್ಟ ಹಣವನ್ನು ಅದರಲ್ಲಿ ಬರೆದಿದ್ದೇನೆ.

ನನ್ನ ದಿನಭತ್ಯೆ ಮೂರು ದಿನಕ್ಕೆ 350ರಂತೆ 1,050 ಆಗುತ್ತದೆ. ಎರಡು ದಿನದ ಮಧ್ಯಾಹ್ನದ ಊಟ ತರಬೇತಿಯಲ್ಲೇ ಆಗಿರುವುದರಿಂದ, ನಿಯಮದಂತೆ ದಿನಕ್ಕೆ 100ರಂತೆ ಕಳೆದು 850 ಮಾತ್ರ ಬರೆದಿದ್ದೇನೆ.

ಇನ್ನು ನಗದಿನ ತಾಳೆ. ವಸತಿಗೃಹ, ಶಾಮಿಯಾನ ಅಂಗಡಿ ಮತ್ತು ಬೆಂಗಳೂರಿನ ಆಟೊ ಬಾಡಿಗೆಗಳನ್ನು ನನ್ನ ಖಾತೆಯಿಂದ ಯುಪಿಐ ಮೂಲಕ ಕೊಟ್ಟಿದ್ದೇನೆ, ಒಟ್ಟು 7,880. ಖಾತೆಗೆ ಬಂದಿದ್ದು 6,000, ಆದ್ದರಿಂದ 1,880 ನನ್ನ ಸ್ವಂತ ಹಣದಿಂದ ಹೋಯಿತು. ಉಳಿದ 21,720 ರೂಪಾಯಿ ಖರ್ಚೆಲ್ಲ ನಗದಿನಲ್ಲಿ, ನನ್ನ ದಿನಭತ್ಯೆಯೂ ಇದರಲ್ಲಿ ಸೇರಿದೆ. 25,000 ನಗದಿನಲ್ಲಿ ಇದನ್ನು ಕಳೆದರೆ ಕೈಯಲ್ಲಿ ಉಳಿದದ್ದು 3,280. ಅದರಿಂದ ನನ್ನ 1,880 ತೆಗೆದುಕೊಂಡು 1,400ನ್ನು ಕಟ್ಟಿದ್ದೇನೆ: 500ರ ಎರಡು ನೋಟು, 200ರ ಎರಡು ನೋಟು. ಯುಪಿಐ ಪಾವತಿಗಳು ಕಾಣುವಂತೆ ಖಾತೆಯ ಆ ದಿನಗಳ ವಿವರಪಟ್ಟಿಯನ್ನು ಸೇರಿಸಿದ್ದೇನೆ. ನನ್ನ ಉಳಿದ ವೈಯಕ್ತಿಕ ವ್ಯವಹಾರದ ಸಾಲುಗಳನ್ನು ಮುಚ್ಚಿದ್ದೇನೆ.

ಲೆಕ್ಕ ಪರಿಶೀಲಿಸಿ 31ರ ಒಳಗೆ ನನ್ನ ಹೆಸರಿನಲ್ಲಿರುವ 31,000 ಮುಂಗಡವನ್ನು ಚುಕ್ತಾ ಮಾಡಿದರೆ ಉಪಕಾರವಾಗುತ್ತದೆ. ಫೆಬ್ರುವರಿಯ ಸೇಡಂ ತರಬೇತಿಗೆ ಹೊಸ ಮುಂಗಡ ಕೇಳಬೇಕಿದೆ, ಹಳೆಯದು ಬಾಕಿ ಇದ್ದರೆ ಅದು ಸಿಗುವುದಿಲ್ಲ. ಯಾವುದಾದರೂ ವೋಚರ್ ಬಗ್ಗೆ ಆಕ್ಷೇಪವಿದ್ದರೆ ಮೊತ್ತ ಕಡಿತ ಮಾಡುವ ಮೊದಲು ನನಗೊಂದು ಕರೆ ಮಾಡಿ. ಗುರುವಾರ, ಶುಕ್ರವಾರ ಕಚೇರಿಯಲ್ಲೇ ಇರುತ್ತೇನೆ, ಕಡತ ಹಿಡಿದು ನಾನೇ ನಿಮ್ಮ ಮೇಜಿಗೆ ಬರುತ್ತೇನೆ.

ವಂದನೆಗಳೊಂದಿಗೆ,
ಸುಧಾ
ಕ್ಷೇತ್ರ ಸಂಯೋಜಕಿ, ಬೆಂಗಳೂರು ಕಚೇರಿ

ಲಗತ್ತುಗಳು: ಖರ್ಚಿನ ಪಟ್ಟಿ, ಬಿಲ್ಲು ಮತ್ತು ರಸೀದಿಗಳು, ಸ್ವಸಹಾಯ ಸಂಘದ ದಾಖಲೆಗಳು, ಹಾಜರಾತಿ ಮತ್ತು ಪ್ರಯಾಣ ಭತ್ಯೆಯ ಸಹಿ ಪಟ್ಟಿ, ವೋಚರ್‌ಗಳು, ಖಾತೆಯ ವಿವರಪಟ್ಟಿ, ಬಾಕಿ ಕಟ್ಟಿದ ರಸೀದಿ