ಪರಿಸರ ನಿರ್ವಹಣಾ ಯೋಜನೆ, ಭಾಗ 5: ಧೂಳು, ಶಬ್ದ ಮತ್ತು ಮಳೆನೀರಿನ ಹರಿವಿನ ನಿಯಂತ್ರಣ

ಕಾಮಗಾರಿ: ವಿದ್ಯಾರ್ಥಿನಿಯರ ವಸತಿನಿಲಯ, ನೆಲಅಂತಸ್ತು ಮತ್ತು ಎರಡು ಮಹಡಿ
ಸ್ಥಳ: ಮಡಿಕೇರಿ–ಸೋಮವಾರಪೇಟೆ ರಸ್ತೆ, ಮಕ್ಕಂದೂರು ಸಮೀಪ, ಕೊಡಗು ಜಿಲ್ಲೆ

5.1 ಜಾಗದ ಸ್ವರೂಪ

ನಿವೇಶನ 0.72 ಹೆಕ್ಟೇರ್, ಅಂದರೆ 1 ಎಕರೆ 78 ಸೆಂಟು. ರಸ್ತೆಯ ಅಂಚಿನಿಂದ ಕೆಳಗಿನ ಬೇಲಿಯವರೆಗೆ 14 ಮೀಟರ್ ಇಳಿಜಾರು. ಬೇಲಿಯ ಆಚೆ ರೊಬಸ್ಟಾ ತೋಟ, ತೋಟದ ಕೆಳಗೆ ಗದ್ದೆ, ಗದ್ದೆಯ ಬದಿಯಲ್ಲಿ ವರ್ಷಪೂರ್ತಿ ನೀರಿರುವ ತೋಡು. ಪಶ್ಚಿಮಕ್ಕೆ 80 ಮೀಟರ್ ದೂರದಲ್ಲಿ ಪ್ರಾಥಮಿಕ ಶಾಲೆ. ಪೂರ್ವಕ್ಕೆ 60 ಮೀಟರ್ ದೂರದಲ್ಲಿ ನೆರೆಯವರ ಮನೆ, ಮನೆಯ ಮುಂದೆ ಕಾಫಿ ಒಣಗಿಸುವ ಕಣ.

ಈ ಭಾಗದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2018ರ ಆಗಸ್ಟ್‌ನಲ್ಲಿ ಈ ಸುತ್ತಿನ ಬೆಟ್ಟಗಳು ಹೇಗೆ ಜಾರಿದವು ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬರುವ ಗುತ್ತಿಗೆದಾರರಿಗೆ, ಯಂತ್ರ ಚಾಲಕರಿಗೆ ಹೇಳಬೇಕು. ಮೊದಲ ದಿನವೇ ಅವರನ್ನು ಕರೆದುಕೊಂಡು ಹೋಗಿ ಅಂದು ಜಾರಿದ ಒಂದು ಬರೆಯನ್ನು ತೋರಿಸಿ ಬರಬೇಕು. ಆಮೇಲೆ ಜೆಸಿಬಿಯ ಕೀಲಿ ಕೊಡಬೇಕು.

ಈ ಯೋಜನೆಯಲ್ಲಿ ಧೂಳು, ಶಬ್ದ, ನೀರು ಮೂರಕ್ಕೂ ಕ್ರಮಗಳಿವೆ, ಆದರೆ ಮೂರೂ ಸಮಾನವಲ್ಲ. ಧೂಳು ಕೂರುತ್ತದೆ, ಶಬ್ದ ಸಂಜೆಗೆ ನಿಲ್ಲುತ್ತದೆ. ತೋಡಿಗೆ ಇಳಿದ ಮಣ್ಣನ್ನು ಯಾರೂ ವಾಪಸು ತರಲಾರರು. ಹಣ, ಆಳು, ಸಮಯ ಕಡಿಮೆ ಬಿದ್ದಾಗ ಮೊದಲ ಪಾಲು 5.4ರ ಕೆಲಸಗಳಿಗೆ.

5.2 ಧೂಳು

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಧೂಳಿನ ಕಾಲ. ಕಾಫಿ ಕೊಯ್ಲು, ಕಣದ ಒಣಗು, ಹೂ ಎಲ್ಲವೂ ಇದೇ ಕಾಲಕ್ಕೆ ಬರುತ್ತವೆ. ಗಾಳಿಯಲ್ಲಿ ಪಿಎಂ10 ಕಣಗಳ 24 ಗಂಟೆಯ ಸರಾಸರಿ ಘನಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು ಎಂಬುದು ರಾಷ್ಟ್ರೀಯ ಮಾನದಂಡ. ಅಗೆತದ ತಿಂಗಳುಗಳಲ್ಲಿ ಶಾಲೆಯ ಬದಿಯಲ್ಲೂ ಕಣದ ಬದಿಯಲ್ಲೂ ತಿಂಗಳಿಗೆ ಎರಡು ಬಾರಿ ಅಳತೆ ತೆಗೆಯಲಾಗುವುದು. ಆದರೆ ಅಳತೆಯ ವರದಿ ಬರುವ ಮೊದಲೇ ಕಣ್ಣಿಗೆ ಕಾಣುವ ಧೂಳು ಬೇಲಿ ದಾಟಿದರೆ ಆ ಕೆಲಸವನ್ನು ಆಗಲೇ ನಿಲ್ಲಿಸುವ ಅಧಿಕಾರ ಮೇಸ್ತ್ರಿಗೆ ಇದೆ. ಅವರು ಯಾರನ್ನೂ ಕೇಳಬೇಕಿಲ್ಲ.

ಒಳರಸ್ತೆ 180 ಮೀಟರ್ ಉದ್ದ, 4 ಮೀಟರ್ ಅಗಲ. ಚದರಮೀಟರಿಗೆ 2 ಲೀಟರಿನಂತೆ ಒಂದು ಸುತ್ತಿಗೆ 1,440 ಲೀಟರ್ ನೀರು. ದಿನಕ್ಕೆ ನಾಲ್ಕು ಸುತ್ತು, ಒಂದು 6,000 ಲೀಟರ್ ಟ್ಯಾಂಕರ್ ಸಾಕು. ಬೇಸಿಗೆಯಲ್ಲಿ ತೋಡಿಗೆ ಪಂಪು ಇಳಿಸುವಂತಿಲ್ಲ. ಗದ್ದೆಯವರಿಗೂ ದನಗಳಿಗೂ ಆಗ ಇರುವುದು ಅದೊಂದೇ ನೀರು. ಟ್ಯಾಂಕರ್ ನೀರು ಎಲ್ಲಿಂದ ಬಂತು ಎಂಬುದು ಪ್ರತಿ ಲೋಡಿಗೂ ಪುಸ್ತಕದಲ್ಲಿ ಇರಬೇಕು. ನೀರು ಹೆಚ್ಚಾಗಿ ಕೆಸರಾದರೂ ತಪ್ಪೇ, ಆ ಕೆಸರು ಟಿಪ್ಪರಿನ ಚಕ್ರಕ್ಕೆ ಅಂಟಿ ಮುಖ್ಯರಸ್ತೆಗೆ ಬಂದು ಮರುದಿನ ಧೂಳಾಗಿ ಏಳುತ್ತದೆ. ಗೇಟಿನ ಒಳಗಿನ ಕೊನೆಯ 15 ಮೀಟರಿಗೆ 40 ಎಂಎಂ ಜಲ್ಲಿ ಹಾಸಿ, ಅದರ ಮೇಲೆ ಚಕ್ರ ತೊಳೆಯುವ ಕಟ್ಟೆ ಮಾಡಲಾಗುವುದು. ತೊಳೆದ ನೀರು 5.4ರ ಹೂಳುಗುಂಡಿಗೇ ಹೋಗಬೇಕು.

ಎಂ-ಸ್ಯಾಂಡ್, ಜಲ್ಲಿಪುಡಿ, ಮಣ್ಣಿನ ಟಿಪ್ಪರುಗಳಿಗೆ ಟಾರ್ಪಾಲ್ ಕಡ್ಡಾಯ. ಒಳಗೆ ವೇಗ ಗಂಟೆಗೆ 15 ಕಿಲೋಮೀಟರ್. ಸಿಮೆಂಟ್ ಮೂಟೆ ಮುಚ್ಚಿದ ಶೆಡ್ಡಿನಲ್ಲಿ. ಟೈಲ್ಸ್, ಗ್ರಾನೈಟ್ ಕತ್ತರಿಸುವುದು ನೀರು ಹಾಯಿಸಿಕೊಂಡೇ, ಕತ್ತರಿಸುವವರಿಗೆ ಮುಖಗವಸು ಸಹಿತ. ಕಟ್ಟಡದ ಸಾರುವೆಗೆ ಹೊರಗಿನಿಂದ ಹಸಿರು ಬಲೆ ಕಟ್ಟಬೇಕು.

ಕಣದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಣ್ಣು ಕೊಯ್ದು ಹರಡಿದ ಮೇಲೆ ಅದರ ಮೇಲೆ ಕೂತ ಕೆಂಪು ಧೂಳು ರಾತ್ರಿಯ ಇಬ್ಬನಿಗೆ ಅಂಟುತ್ತದೆ. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಬೆರಳು ಕೆಂಪಾಗುತ್ತದೆ, ತೊಳೆದರೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಪೂರ್ವ ಬದಿಯಲ್ಲಿ 4 ಮೀಟರ್ ಎತ್ತರಕ್ಕೆ ತಗಡು, ಅದರ ಮೇಲೆ 2 ಮೀಟರ್ ಬಲೆ. ಮಣ್ಣು ಕೆಲಸ ಪೂರ್ವಕ್ಕೆ ಸರಿಯುವ ಹಿಂದಿನ ಸಂಜೆಯೇ ಆ ಮನೆಗೆ ಹೋಗಿ ತಿಳಿಸಬೇಕು. ಫೋನ್ ಮಾಡಿದರೆ ಸಾಲದು, ಮನೆಗೇ ಹೋಗಬೇಕು. ಗಾಳಿ ಕಣದ ಕಡೆ ತಿರುಗಿದ ಮಧ್ಯಾಹ್ನ ಆ ಬದಿಯ ಅಗೆತ ಇಲ್ಲ.

ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನ ನಿಲ್ಲುತ್ತದೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ವರ್ಷದ ಫಸಲು ಆ ಮೂರು ದಿನದಲ್ಲಿ ತೀರ್ಮಾನವಾಗುತ್ತದೆ. ತೋಟ ಬೆಳ್ಳಗಿರುವಷ್ಟು ದಿನ ಕೆಳಬೇಲಿಯಿಂದ 30 ಮೀಟರ್ ಒಳಗೆ ಮಣ್ಣು ಮುಟ್ಟುವಂತಿಲ್ಲ. ಇದಕ್ಕಾಗಿ ಕಾಮಗಾರಿಯ ವೇಳಾಪಟ್ಟಿಯಲ್ಲಿ ಆರು ದಿನ ಬಿಟ್ಟಿದೆ.

5.3 ಶಬ್ದ

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40. ಶಾಲೆ 100 ಮೀಟರ್ ಒಳಗೇ ಇರುವುದರಿಂದ ಆ ಬದಿಗೆ ನಿಶ್ಶಬ್ದ ವಲಯದ ಮಿತಿಯನ್ನೇ ಗುರಿಯಾಗಿ ಇಟ್ಟುಕೊಂಡಿದ್ದೇವೆ.

ಗುರಿ ಮುಟ್ಟುವುದು ಸುಲಭವಲ್ಲ. 15 ಮೀಟರ್ ದೂರದಲ್ಲಿ ಸುಮಾರು 80 ಡೆಸಿಬೆಲ್ ಇರುವ ಹಿಟಾಚಿಯ ಸದ್ದು 80 ಮೀಟರಿಗೆ ಹೋಗುವಾಗ 65ರ ಆಸುಪಾಸಿಗೆ ಇಳಿಯುತ್ತದೆ. ಒಳ್ಳೆಯ ತಗಡಿನ ತಡೆ ಇನ್ನೊಂದು 8–10 ಇಳಿಸೀತು. ಬಂಡೆ ಒಡೆಯುವ ಬ್ರೇಕರ್ ಆದರೆ ಅದೇ ಲೆಕ್ಕಕ್ಕೆ ಇನ್ನೂ 10 ಹೆಚ್ಚು. ತಡೆಯೊಂದರಿಂದಲೇ ಮಿತಿಯೊಳಗೆ ಬರುತ್ತದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದ್ದರಿಂದ ಉಳಿದಿರುವ ದಾರಿ ಹೊತ್ತು ಬದಲಿಸುವುದು. ಬ್ರೇಕರ್ ಶಾಲೆಯ ರಜಾದಿನಗಳಲ್ಲಿ ಮಾತ್ರ. ಪಶ್ಚಿಮ ಬದಿಯ ಹಿಟಾಚಿ ಕೆಲಸ ಶಾಲೆ ಬಿಟ್ಟ ಮೇಲೆ ಮತ್ತು ಶನಿವಾರ ಮಧ್ಯಾಹ್ನ. ಪರೀಕ್ಷೆಯ ದಿನಗಳ ಪಟ್ಟಿಯನ್ನು ಮುಖ್ಯಶಿಕ್ಷಕರಿಂದ ಮೊದಲೇ ಪಡೆದು ಸೈಟ್ ಆಫೀಸಿನ ಗೋಡೆಗೆ ಅಂಟಿಸಬೇಕು. ಸಿಡಿಮದ್ದು ಇಡುವ ಮಾತೇ ಇಲ್ಲ, ಅದು ಶಬ್ದಕ್ಕಿಂತ ಹೆಚ್ಚಾಗಿ ಬರೆಗೆ ಅಪಾಯ.

ಉಳಿದ ಕೆಲಸ ಬೆಳಿಗ್ಗೆ 8ರಿಂದ ಸಂಜೆ 6. ಕಾಂಕ್ರೀಟ್ ಹಾಕುವ ದಿನ ತಡವಾಗುವಂತಿದ್ದರೆ ಆ ಭಾಗವನ್ನು ಮರುದಿನಕ್ಕೆ ಇಡಬೇಕು. ಜನರೇಟರಿಗೆ ಶಬ್ದತಡೆ ಪೆಟ್ಟಿಗೆ ಇದ್ದು 1 ಮೀಟರಿನಲ್ಲಿ 75 ಡೆಸಿಬೆಲ್ ಮೀರಬಾರದು. 85 ದಾಟುವ ಕಡೆ ಕೆಲಸ ಮಾಡುವವರಿಗೆ ಕಿವಿಮುಚ್ಚಳ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿಯ ದಿನ ಯಂತ್ರಗಳಿಗೂ ರಜೆ.

5.4 ಮಳೆನೀರು, ಮಣ್ಣು ಮತ್ತು ಬರೆ

ಹಿಂದೆ ನಾನು ಕೆಲಸ ಮಾಡಿದ ಒಂದು ಸೈಟಿನಲ್ಲಿ ಅಗೆದ ಮಣ್ಣನ್ನು "ಮೇ ಕೊನೆಗೆ ಸಾಗಿಸೋಣ" ಎಂದು ಇಳಿಜಾರಿನ ಅಂಚಿಗೆ ರಾಶಿ ಹಾಕಿದ್ದೆವು. ಮಳೆ ಒಂದು ವಾರ ಮುಂಚೆ ಬಂತು. ನಾಲ್ಕನೇ ದಿನ ಕೆಳಗಿನ ಗದ್ದೆಯಲ್ಲಿ ಸಸಿಮಡಿ ಇದ್ದ ಜಾಗದಲ್ಲಿ ಮೊಣಕಾಲುದ್ದ ಕೆಂಪು ಕೆಸರು ನಿಂತಿತ್ತು. ಆ ಗದ್ದೆಯ ಯಜಮಾನರು ಬೈಯಲಿಲ್ಲ, ಬದುವಿನ ಮೇಲೆ ಸುಮ್ಮನೆ ನಿಂತಿದ್ದರು. ಕೆಳಗಿನ ಪ್ರತಿ ದಿನಾಂಕದ ಹಿಂದೆ ಅದೇ ಕಾರಣವಿದೆ.

ಮಣ್ಣು ಅಗೆತ ನವೆಂಬರ್ 15ಕ್ಕೆ ಶುರು, ಏಪ್ರಿಲ್ 15ಕ್ಕೆ ಮುಗಿತಾಯ. ತಡೆಗೋಡೆ ಮತ್ತು ಚರಂಡಿ ಮೇ 15ರೊಳಗೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ, ಜಿಲ್ಲಾಡಳಿತದ ನಿರ್ಬಂಧ ಇದ್ದರೂ ಇಲ್ಲದಿದ್ದರೂ, ಈ ಸೈಟಿನಲ್ಲಿ ನೆಲಕ್ಕೆ ಬಕೆಟ್ ತಾಗುವಂತಿಲ್ಲ. ಅಗೆತವನ್ನು ಒಂದೇ ಸಲ ಇಡೀ ಜಾಗದಲ್ಲಿ ಬಿಚ್ಚದೆ ಮೂರು ತುಂಡಾಗಿ ಮಾಡಲಾಗುವುದು. ಒಂದು ತುಂಡಿನ ಬರೆಗೆ ಹೊದಿಕೆ ಆಗುವವರೆಗೆ ಮುಂದಿನದನ್ನು ತೆರೆಯುವಂತಿಲ್ಲ. ಬರೆಯನ್ನು ನೇರ ಕತ್ತರಿಸದೆ 3 ಮೀಟರ್ ಎತ್ತರದ ಮೆಟ್ಟಿಲುಗಳಾಗಿ, ನಡುವೆ 1.5 ಮೀಟರ್ ಅಗಲ ಬಿಟ್ಟು ಇಳಿಸಬೇಕು. ತೆರೆದ ಮುಖಕ್ಕೆ ತೆಂಗಿನ ನಾರಿನ ಬಲೆ ಹೊದಿಸಿ ಲಾವಂಚದ ಸಾಲು ನೆಡಬೇಕು. ಅದು ಬೇರು ಬಿಡಲು ಸಮಯ ಬೇಕು, ಹಾಗಾಗಿ ಜೂನ್‌ನಲ್ಲಿ ನೆಟ್ಟರೆ ಆ ವರ್ಷದ ಮಳೆಗೆ ಉಪಯೋಗವಿಲ್ಲ. ಬೇಸಿಗೆಯಲ್ಲೇ ನೆಟ್ಟು ನೀರು ಹಾಕಿ ಬೆಳೆಸಬೇಕು.

ಮೇಲಿನ ರಸ್ತೆಯಿಂದ ಬರುವ ನೀರು ನಿವೇಶನದೊಳಗೆ ಬರಲೇಬಾರದು. ರಸ್ತೆಯಂಚಿಗೆ ಕಲ್ಲು ಕಟ್ಟಿದ ತಿರುವು ಚರಂಡಿ, ಅಲ್ಲಿಂದ ಬದಿಯ ಸ್ವಾಭಾವಿಕ ಕಣಿಗೆ. ಅದರ ಬಾಯಿಯಲ್ಲಿ ನೀರಿನ ರಭಸ ಮುರಿಯಲು ಕಾಡುಗಲ್ಲಿನ ಹಾಸು. ನೆರೆಯ ತೋಟದೊಳಕ್ಕೆ ಬಾಯಿ ತೆರೆಯುವ ಚರಂಡಿಯನ್ನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಬಯಲುಸೀಮೆಯ ಸೈಟುಗಳಲ್ಲಿ ಒಳ್ಳೆಯದೆನಿಸುವ ಇಂಗುಗುಂಡಿ ಇಲ್ಲಿ ಬರೆಯ ತಲೆಯ ಮೇಲೆ ಬೇಡ. ಇಂಗಿದ ನೀರು ಮಣ್ಣಿನೊಳಗೆ ಒತ್ತಡ ಹೆಚ್ಚಿಸಿ ಬರೆಯನ್ನು ಒಳಗಿಂದಲೇ ಸಡಿಲ ಮಾಡುತ್ತದೆ. ಇಂಗಿಸುವ ಕೆಲಸ ಗದ್ದೆ ಮಟ್ಟದಲ್ಲಿ ಮಾತ್ರ. ತಡೆಗೋಡೆಯಲ್ಲಿ ನೀರು ಹೊರಬರುವ ರಂಧ್ರಗಳನ್ನು ಪ್ಲಾಸ್ಟರಿಂಗ್ ಮಾಡುವವರು ಮುಚ್ಚಿಬಿಡುವುದು ಸಾಮಾನ್ಯ. ಒಂದೊಂದಕ್ಕೂ ಕೋಲು ಹಾಕಿ ನೋಡಿದ ಮೇಲೆ ಬಿಲ್ಲಿಗೆ ಸಹಿ.

ನಿವೇಶನದ ಸ್ವಂತ ನೀರಿನ ಲೆಕ್ಕ ಹೀಗಿದೆ. C ಎಂದರೆ ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು, I ಗಂಟೆಗೆ ಮಿಲಿಮೀಟರಿನಲ್ಲಿ ಮಳೆಯ ರಭಸ, A ಹೆಕ್ಟೇರಿನಲ್ಲಿ ಜಾಗ, Q ಸೆಕೆಂಡಿಗೆ ಘನಮೀಟರಿನಲ್ಲಿ ಹರಿವು:

Q = C × I × A / 360 = 0.6 × 80 × 0.72 / 360 = 0.096

ಗಂಟೆಗೆ 80 ಮಿಲಿಮೀಟರ್ ರಭಸದ ಮಳೆಗೆ ಸೆಕೆಂಡಿಗೆ 96 ಲೀಟರ್. ಹತ್ತು ನಿಮಿಷ ನಿಲ್ಲಿಸಲು ಸುಮಾರು 58 ಘನಮೀಟರ್ ಬೇಕು. 8 × 5 × 1.5 ಮೀಟರಿನ ಹೂಳುಗುಂಡಿ ಕೆಳಬೇಲಿಯ ಒಳಗೆ, ತುಂಬಿದ ಮಣ್ಣಿನ ಮೇಲಲ್ಲ, ಗಟ್ಟಿ ನೆಲದಲ್ಲಿ. ಒಳಮೈಗೆ ಕಲ್ಲಿನ ಕಟ್ಟಣೆ. ಮೂರನೇ ಒಂದು ಭಾಗ ತುಂಬಿದ ಕೂಡಲೇ ಹೂಳು ತೆಗೆಯಬೇಕು. ಇದರಲ್ಲಿ ಮರಳು ತಳ ಸೇರುತ್ತದೆ, ನಯವಾದ ಜೇಡಿ ಸೇರದು. ಅದಕ್ಕೇ ಎರಡನೇ ಗುಂಡಿ, ಅದರ ಮುಂದೆ ಗೋಣಿಬಟ್ಟೆ ಮತ್ತು ಜಲ್ಲಿಯ ಸೋಸುಕಟ್ಟೆ. ಇಷ್ಟಾದರೂ ಜೇಡಿಗೆ ನಿಜವಾದ ಮದ್ದು ಮಣ್ಣನ್ನು ಬತ್ತಲೆ ಬಿಡದಿರುವುದೊಂದೇ.

ಹೊರಹೋಗುವ ನೀರಿನಲ್ಲಿ ತೇಲುಕಣ ಲೀಟರಿಗೆ 100 ಮಿಲಿಗ್ರಾಂ ಮೀರಬಾರದು, ಪಿಎಚ್ 5.5ರಿಂದ 9ರೊಳಗೆ. ತಿಂಗಳಿಗೊಮ್ಮೆ ಪ್ರಯೋಗಾಲಯ. ಮಳೆಗಾಲದಲ್ಲಿ ಪ್ರತಿದಿನ ಬಾಟಲಿ ಪರೀಕ್ಷೆ: ತಿಳಿ ಬಾಟಲಿಯಲ್ಲಿ ನೀರು ಹಿಡಿದು ಹಿಂದೆ ದಿನಪತ್ರಿಕೆ ಇಟ್ಟರೆ ಅಕ್ಷರ ಓದಲು ಬರಬೇಕು. ಬರದಿದ್ದರೆ ಹೊರಬಾಯಿಗೆ ಮರಳುಚೀಲ ಇಟ್ಟು ಕಾರಣ ಹುಡುಕಬೇಕು. ಗುಂಡಿ ಉಕ್ಕುವಂತಿದ್ದರೆ ಮಾತ್ರ ಮರಳುಚೀಲ ತೆಗೆದು, ತೆಗೆದ ಹೊತ್ತನ್ನು ಬರೆದಿಡಬೇಕು. ಮಿಕ್ಸರ್ ತೊಳೆದ ನೀರಿನ ಪಿಎಚ್ 12ರವರೆಗೂ ಹೋಗುತ್ತದೆ, ತೋಡಿನ ಮೀನಿಗೆ ಅದು ವಿಷ. ಅದಕ್ಕೆ ಪ್ರತ್ಯೇಕ ಪ್ಲಾಸ್ಟಿಕ್ ಹಾಸಿದ ಗುಂಡಿ. ಡೀಸೆಲ್ ಬ್ಯಾರೆಲ್ ಕಟ್ಟೆಯೊಳಗೆ, ಚಾವಣಿಯ ಕೆಳಗೆ.

ಸೈಟ್ ಆಫೀಸಿನ ಮುಂದೆ ಮಳೆಮಾಪಕ ಇಟ್ಟು ಬೆಳಿಗ್ಗೆ 8.30ಕ್ಕೆ ಬರೆಯಬೇಕು. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಎರಡು ಗಂಟೆಗೊಮ್ಮೆ ಬರೆಯ ತಲೆಯಲ್ಲಿ ಬಿರುಕು ನೋಡುವುದು. 115.6 ದಾಟಿದರೆ ಬರೆಯ ಕೆಳಗೆ ಯಾರೂ ಇರುವಂತಿಲ್ಲ. ಕೂಲಿಕಾರರ ಶೆಡ್ಡುಗಳನ್ನು ಮೊದಲಿಂದಲೇ ರಸ್ತೆಯ ಮೇಲ್ಬದಿಯ ಸಮತಟ್ಟಿನಲ್ಲಿ ಕಟ್ಟಿರುವುದು ಇದಕ್ಕೇ. ಬಿರುಕು ಕಂಡರೆ, ಮರ ವಾಲಿದ್ದರೆ, ಒಸರು ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತರೆ, ಅಳತೆಗೆ ಕಾಯದೆ ಜಾಗ ಖಾಲಿ ಮಾಡಿ ಕೆಳಗಿನ ಮನೆಗಳಿಗೆ ಮೊದಲು ತಿಳಿಸಬೇಕು.

5.5 ಹೊಣೆ ಮತ್ತು ದೂರು

ದಿನದ ತಪಾಸಣೆ ಸೈಟ್ ಎಂಜಿನಿಯರ್ ಅವರದು, ಅವರ ರಜೆಯಲ್ಲಿ ಹಿರಿಯ ಮೇಸ್ತ್ರಿಯದು. ದೂರಿನ ಪುಸ್ತಕ ಗೇಟಿನ ಶೆಡ್ಡಿನಲ್ಲಿ ಇರುತ್ತದೆ. ಲೈನ್‌ಮನೆಯವರು, ತೋಟದ ಕೆಲಸದವರು ಬಾಯಲ್ಲಿ ಹೇಳಿದ್ದನ್ನೂ ಅದರಲ್ಲಿ ಬರೆದುಕೊಳ್ಳಬೇಕು. ಧೂಳು, ಶಬ್ದದ ದೂರಿಗೆ ಮರುದಿನದೊಳಗೆ ಉತ್ತರ. ನೀರು, ಬರೆಯ ದೂರಿಗೆ ಒಂದು ಗಂಟೆಯೊಳಗೆ ಯಾರಾದರೂ ಆ ಜಾಗಕ್ಕೆ ಹೋಗಿ ನೋಡಿರಬೇಕು, ರಾತ್ರಿಯಾದರೂ.