ಎಂಜಿನ್ ಕೆಟ್ಟು ಬೋಟು ಸಮುದ್ರದಲ್ಲಿ ತೇಲಿದ ಬಗ್ಗೆ ತಾಂಡೇಲನ ಲಿಖಿತ ಹೇಳಿಕೆ

ದಿನಾಂಕ: 18-01-2025
ಸ್ಥಳ: ಮಲ್ಪೆ

ಇವರಿಗೆ,
ಬೋಟಿನ ಮಾಲೀಕರು, ಮಲ್ಪೆ
ಪ್ರತಿ: ಕರಾವಳಿ ಕಾವಲು ಪೊಲೀಸ್ ಠಾಣೆ ಹಾಗೂ ಮೀನುಗಾರಿಕೆ ಇಲಾಖೆ

ಮಾನ್ಯರೇ,

ತಮ್ಮ ಆಳಸಮುದ್ರ ಟ್ರಾಲ್ ಬೋಟು ‘ಶ್ರೀ ಜಲದುರ್ಗಾ’ದ ತಾಂಡೇಲನಾದ ನಾನು, ಏಳು ಮಂದಿ ಕಲಾಸಿಗಳೊಂದಿಗೆ ಜನವರಿ 11ರ ಬೆಳಗಿನ ಜಾವ ಮಲ್ಪೆ ಬಂದರಿನಿಂದ ಹೊರಟಿದ್ದೆ. 16ರ ಗುರುವಾರ ಮಧ್ಯಾಹ್ನ 2.40ಕ್ಕೆ ಬೋಟು ದಡದಿಂದ ಸುಮಾರು 35 ನಾಟಿಕಲ್ ಮೈಲು ದೂರದಲ್ಲಿ, 45 ಮಾರು ಆಳದಲ್ಲಿ ಬಲೆ ಎಳೆಯುತ್ತಿತ್ತು. ಜಿಪಿಎಸ್‌ನಲ್ಲಿ ಆಗಿನ ಸ್ಥಾನ 13°24' ಉತ್ತರ, 74°06' ಪೂರ್ವ.

ಬದಿಯ ಪೈಪಿನಿಂದ ಸದಾ ಬೀಳುವ ತಂಪುನೀರು ನಿಂತಿರುವುದನ್ನು ಮೊದಲು ಕಂಡವನು ಹಿಂಭಾಗದಲ್ಲಿದ್ದ ಕಲಾಸಿ. ಅವನು ಕೂಗುವಷ್ಟರಲ್ಲಿ ಎಂಜಿನ್ ಶಾಖದ ಮುಳ್ಳು ಕೆಂಪು ಗೆರೆ ದಾಟಿತ್ತು. ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕಿತ್ತು. ಆದರೆ ವಿಂಚು ಎಂಜಿನ್ನಿನಿಂದಲೇ ತಿರುಗುವುದರಿಂದ, ನಿಲ್ಲಿಸಿದರೆ ಬಲೆ, ಬೋರ್ಡು, ರೋಪು ಎಲ್ಲವೂ ತಳದಲ್ಲೇ ಉಳಿಯುತ್ತವೆಂದು ಭಾವಿಸಿ, ವೇಗ ತಗ್ಗಿಸಿ ಬಲೆ ಎತ್ತಿಸಿದೆ. ಅದಕ್ಕೆ 18 ನಿಮಿಷ ಹಿಡಿಯಿತು. ಬಲೆ ಸಿಕ್ಕಿತು, ಎಂಜಿನ್ ಹೋಯಿತು. 3.05ಕ್ಕೆ ಎಂಜಿನ್ ಕೋಣೆಯಿಂದ ಬಿಳಿ ಆವಿ ಎದ್ದು, ಒಂದು ಬಡಿತದ ಸದ್ದಿನೊಂದಿಗೆ ಎಂಜಿನ್ ನಿಂತಿತು.

ತಣಿದ ಮೇಲೆ ಡ್ರೈವರ್ ಉಪ್ಪುನೀರಿನ ಪಂಪು ಬಿಚ್ಚಿ ನೋಡಿದಾಗ, ಒಳಗಿನ ರಬ್ಬರ್ ಚಕ್ರದ ಆರು ರೆಕ್ಕೆಗಳಲ್ಲಿ ಮೂರು ಮುರಿದಿದ್ದವು. ಆಯಿಲ್ ಕಡ್ಡಿ ಎಳೆದರೆ ಅದರ ತುದಿಯಲ್ಲಿ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟು ಆಯಿಲಿಗೆ ನೀರು ಬೆರೆತಿದೆ ಎಂಬುದು ನಮ್ಮಿಬ್ಬರ ಅಂದಾಜು. ಮೆಕ್ಯಾನಿಕ್ ಬಿಚ್ಚಿದ ನಂತರವೇ ಖಚಿತವಾಗಬೇಕು. ಪಂಪಿನ ಬದಲಿ ಚಕ್ರವನ್ನು ಈ ಟ್ರಿಪ್ಪಿನ ಸಾಮಾನು ಪಟ್ಟಿಯಲ್ಲಿ ಬರೆದು ಕೊಟ್ಟಿದ್ದೆ, ಅದು ಬಂದಿರಲಿಲ್ಲ. ಬಾರದ್ದನ್ನು ನೋಡಿಯೂ ಬೋಟು ಬಿಟ್ಟದ್ದು ನಾನೇ.

ಲಂಗರು ಹಾಕಿದೆವು. ನಮ್ಮಲ್ಲಿದ್ದ ಹಗ್ಗ 60 ಮಾರು ಮಾತ್ರವಾದ್ದರಿಂದ ಆ ಆಳಕ್ಕೆ ಅದು ಕಚ್ಚದೆ ಜಾರುತ್ತಲೇ ಇತ್ತು. ಬೋಟು ಅಲೆಗೆ ಅಡ್ಡ ಬಿದ್ದು ಹೊಯ್ದಾಡತೊಡಗಿದಾಗ, ಹಳೆಯ ಬಲೆಯ ತುಂಡಿಗೆ ಭಾರ ಕಟ್ಟಿ ಮುಂಭಾಗದಿಂದ ಇಳಿಬಿಟ್ಟೆವು. ಅದರಿಂದ ಬೋಟಿನ ಮುಖ ಅಲೆಗೆ ನೇರವಾಗಿ ನಿಂತಿತು. ನೀರಿನ ಎಳೆತ ಬಡಗು ದಿಕ್ಕಿಗಿತ್ತು, ಗಂಟೆಗೆ ಮುಕ್ಕಾಲು ಮೈಲಿನಷ್ಟು.

ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಕರೆದರೂ ಸಂಜೆಯವರೆಗೆ ಉತ್ತರ ಬರಲಿಲ್ಲ. ಎಂಜಿನ್ ಇಲ್ಲದೆ ಬ್ಯಾಟರಿ ಚಾರ್ಜ್ ಆಗದ ಕಾರಣ, ಜಿಪಿಎಸ್ ಆರಿಸಿ ಗಂಟೆಗೊಮ್ಮೆ ಮಾತ್ರ ಹಾಕಿ ಸ್ಥಾನ ಬರೆದುಕೊಂಡೆವು. 7.15ಕ್ಕೆ ಮಲ್ಪೆಯದೇ ಒಂದು ಬೋಟು ಕ್ಷೀಣವಾಗಿ ಕೇಳಿಸಿಕೊಂಡು, ದಡಕ್ಕೆ ಹತ್ತಿರವಿದ್ದ ಇನ್ನೊಂದು ಬೋಟಿನ ಮೂಲಕ ತಮಗೂ ಕರಾವಳಿ ಕಾವಲು ಪೊಲೀಸರಿಗೂ ಸುದ್ದಿ ಮುಟ್ಟಿಸಿತು.

ರಾತ್ರಿ 1.20ರ ಘಟನೆಯನ್ನು ಅಧಿಕಾರಿಗಳ ಗಮನಕ್ಕೆ ವಿಶೇಷವಾಗಿ ತರುತ್ತೇನೆ. ದಕ್ಷಿಣದಿಂದ ಬರುತ್ತಿದ್ದ ಒಂದು ದೊಡ್ಡ ಹಡಗಿನ ಕೆಂಪು, ಹಸಿರು ದೀಪಗಳೆರಡೂ ಒಟ್ಟಿಗೇ ಕಾಣುತ್ತಿದ್ದವು, ಅಂದರೆ ಅದು ನೇರ ನಮ್ಮ ಮೇಲೆಯೇ ಬರುತ್ತಿತ್ತು. ನಿಯಮದಂತೆ ಹಿಡಿತ ತಪ್ಪಿದ ಬೋಟು ಒಂದರ ಕೆಳಗೊಂದು ಎರಡು ಕೆಂಪು ದೀಪ ಹಾಕಬೇಕು. ನಮ್ಮಲ್ಲಿ ಅವು ಇರಲಿಲ್ಲ. ನಾನು ರೇಡಿಯೋದಲ್ಲಿ ನಮ್ಮ ಸ್ಥಾನವನ್ನು ಮತ್ತೆ ಮತ್ತೆ ಹೇಳಿದೆ, ಕಲಾಸಿಗಳು ಮೂರು ಟಾರ್ಚುಗಳನ್ನು ಕ್ಯಾಬಿನ್ನಿನ ಬಿಳಿ ಗೋಡೆಗೆ ಹಿಡಿದರು. ಐದಾರು ನಿಮಿಷದ ನಂತರ ಹಸಿರು ದೀಪ ಮರೆಯಾಗಿ ಕೆಂಪೊಂದೇ ಉಳಿದಾಗ ಹಡಗು ತಿರುಗಿದ್ದು ತಿಳಿಯಿತು. ಅರ್ಧ ಮೈಲು ದೂರದಲ್ಲಿ ಅದು ದಾಟಿಹೋಯಿತು. ಅದರ ಹೆಸರು ಓದಲಾಗಲಿಲ್ಲ.

17ರ ಬೆಳಿಗ್ಗೆ 10.10ಕ್ಕೆ ಸಹಾಯದ ಬೋಟು ಬಂದಾಗ ನಾವು 13°37' ಉತ್ತರ, 73°59' ಪೂರ್ವದಲ್ಲಿದ್ದೆವು. 19 ಗಂಟೆಗಳಲ್ಲಿ ಸುಮಾರು 15 ಮೈಲು ತೇಲಿದ್ದೆವು. 10.40ಕ್ಕೆ ಹಗ್ಗ ಕಟ್ಟಿ ಎಳೆಯತೊಡಗಿ, ರಾತ್ರಿ 7.45ಕ್ಕೆ ಬಂದರು ಸೇರಿದೆವು. ಯಾರಿಗೂ ಗಾಯವಾಗಿಲ್ಲ. ಕುಡಿಯುವ ನೀರು ಇನ್ನೂ ಎರಡು ದಿನಕ್ಕಾಗುವಷ್ಟಿತ್ತು. ಮಂಜುಗಡ್ಡೆ ಕರಗಿ ಮೇಲಿನ ಸಾಲಿನ ರಾಣಿಮೀನು ಮೆತ್ತಗಾಗಿದೆ, ಬೊಂಡಾಸ್ ಚೆನ್ನಾಗಿದೆ.

ವಿಮೆಯವರು ನೋಡುವವರೆಗೆ ಎಂಜಿನ್ ಬಿಚ್ಚಿಸಬಾರದೆಂದು ಮಾಲೀಕರಲ್ಲಿ ವಿನಂತಿ. ಮುರಿದ ಚಕ್ರವನ್ನು ಸಿಕ್ಕ ಚೂರುಗಳೊಂದಿಗೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ರೇಡಿಯೋಕ್ಕೆ ಪ್ರತ್ಯೇಕ ಬ್ಯಾಟರಿ, ಎರಡು ಕೆಂಪು ದೀಪ, 150 ಮಾರು ಲಂಗರು ಹಗ್ಗ ಹಾಗೂ ಪಂಪಿನ ಬದಲಿ ಚಕ್ರ ಬೋಟಿಗೆ ಬಂದ ಮೇಲೆಯೇ ಮುಂದಿನ ಟ್ರಿಪ್ಪಿಗೆ ಹೊರಡುತ್ತೇನೆ. ಗಂಟೆವಾರು ಸ್ಥಾನ ಬರೆದ ಪುಸ್ತಕದ ಪ್ರತಿಯನ್ನೂ ಕಲಾಸಿಗಳ ಸಹಿಯನ್ನೂ ಲಗತ್ತಿಸಿದ್ದೇನೆ. ಮೇಲೆ ಬರೆದುದೆಲ್ಲ ನಾನು ಕಂಡಂತೆ, ತಿಳಿದಂತೆ ನಿಜವಾಗಿದೆ.

ಇತಿ ತಮ್ಮ ವಿಶ್ವಾಸಿ,
ಮಂಜುನಾಥ ಮೊಗೇರ
ತಾಂಡೇಲ, ‘ಶ್ರೀ ಜಲದುರ್ಗಾ’