ರಾಖಿ ಹಬ್ಬದ ದಿನ ಪುಣೆದಾಗಿನ ಅಕ್ಕಗ

ಅಕ್ಕಾ, ರಾಖಿ ಹಬ್ಬದ ಶುಭಾಶಯ. ನೀ ಕಳಿಸಿದ ರಾಖಿ ಮೊನ್ನೆನ ಬಂತು, ಪೋಸ್ಟ್ ಆಫೀಸನ್ಯಾಗ ಸಿಗತೈತಲ್ಲ ನೀರ್ ತಾಗದಂತಾ ರಾಖಿ ಕವರ್, ಅದರಾಗ ಹಾಕಿದ್ದು ಚೊಲೋ ಆತು, ಇಲ್ಲಿ ನಾಕ್ ದಿನದಿಂದ ಜಿಟಿಜಿಟಿ ಮಳಿ ಬಿಟ್ಟಿಲ್ಲ. ಮುಂಜಾನೆ ಜಳಕಾ ಮಾಡಿ ಅಪ್ಪನ ಫೋಟೋ ಮುಂದ ಕುಂತೆ, ಅವ್ವ ನಿನ್ನ ಹೆಸರು ಹೇಳಿ ಕಟ್ಟಿದ್ಲು, ಕಟ್ಟಿ ಸೀದಾ ಅಡಗಿ ಮನಿಗೆ ಹೋಗಿ ಸೆರಗಿಲೆ ಕಣ್ಣ ಒರಸಿಕೊಂಡ್ಲು.

ಮೊದಲ ಒಂದ್ ಮಾತು, ಪಂಚಮಿಗೆ ನಿನ್ನ ಕರಿಯಾಕ ಬರಲಿಲ್ಲ, ಅದು ನನಗ ಇನ್ನೂ ಚುಚ್ಚಾಕತ್ತೈತಿ. ಅಪ್ಪ ಹ್ವಾದ ಮ್ಯಾಲಿನ ಮೊದಲನೇ ಪಂಚಮಿ, ಕರಿಯಾಕ ನಾನ ಬರಬೇಕಿತ್ತು. ಹೆಸರು ಕಟಾವಿಗೆ ಬಂದಿತ್ತು, ಮಳಿ ಹಿಡಿದ್ರ ಕಾಯಿ ಗಿಡದಾಗ ಮೊಳಕಿ ಒಡಿತಾವು ನಿನಗೂ ಗೊತ್ತೈತಿ, ಆಳು ಸಿಗವಲ್ರು, ಆದ್ರೂ ಒಂದ್ ದಿನ ಬಿಟ್ಟು ಬರಬಹುದಿತ್ತು ಅಂತ ಈಗ ಅನಸ್ತೈತಿ. ಅವ್ವ ನಿನ್ನ ಪಾಲಿನ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲಾ ಡಬ್ಬಿ ಕಟ್ಟಿ ಇಟ್ಟಾಳ, ಯಾರಿಗೂ ಮುಟ್ಟಾಕ ಕೊಟ್ಟಿಲ್ಲ.

ಈಗ ಮುಖ್ಯ ವಿಷಯ. ಹೋದ ವಾರ ಫೋನ್‌ನ್ಯಾಗ ನೀ ಅಂದಿ, ಹಕ್ಕು ಬಿಡುಗಡೆ ಕಾಗದ ಕಳಸಪಾ ಸಹಿ ಮಾಡ್ತೀನಿ, ನನಗ ಹೊಲದಾಗ ಏನೂ ಬ್ಯಾಡ ಅಂತ. ಕಾಕಾ ನಿನಗೂ ಫೋನ್ ಮಾಡಿದ್ದ ಅಂತ ಆಮ್ಯಾಲ ಗೊತ್ತಾತು. ಇಲ್ಲಿ ನನಗೂ ದಿನಾ ಅದನ್ನ ಹೇಳಾಕತ್ತಿದ್ದ, ಮದವಿಗೆ ಖರ್ಚು ಮಾಡೀವಲ್ಲ ಅದ ಆಕಿ ಪಾಲು, ಸಹಿ ತೊಗೊಂಡ ಬಿಡು, ಮುಂದ ತ್ರಾಸ ಬ್ಯಾಡ ಅಂತ. ನಾ ಕಾಗದ ಕಳಸೂದಿಲ್ಲ ಅಕ್ಕಾ. ಧಾರವಾಡದಾಗ ವಕೀಲರನ್ನ ಕೇಳಿ ಬಂದೆ, 2005ರಾಗ ಕಾಯ್ದೆ ತಿದ್ದಿದ ಮ್ಯಾಲ ಮಗಳಿಗೂ ಮಗನಷ್ಟ ಪಾಲು, ಅದು ಹುಟ್ಟಿದಕೂಡ್ಲೆ ಬರೂ ಹಕ್ಕು ಅಂತ 2020ರಾಗ ಸುಪ್ರೀಂ ಕೋರ್ಟ್ ಸೈತ ಹೇಳೇತಿ, ಮದವಿ ಆದ್ರ ಹೋಗೂದಿಲ್ಲ. ಕಾಯ್ದೆ ಇರಲಿಲ್ಲಂದ್ರೂ ನಾ ಇದನ್ನ ಮಾಡತಿದ್ದೆ, ಅದು ಬ್ಯಾರೆ ಮಾತು.

ನೀ ಯಾಕ ಬ್ಯಾಡ ಅಂದಿ ಅಂತ ನನಗ ತಿಳಿತೈತಿ. ಪಾಲು ಕೇಳಿದ್ರ ತವರಮನಿ ಬಾಗಿಲ ಮುಚ್ಚತೈತಿ ಅಂತ ಅಂಜಿಕಿ. ನಮ್ಮ ಓಣ್ಯಾಗ ಹಂಗ ಆಗಿದ್ದು ನಾವಿಬ್ರೂ ನೋಡೀವಿ, ಕೋರ್ಟಿಗೆ ಹ್ವಾದ ಹೆಣ್ಮಕ್ಕಳು ಪಂಚಮಿಗೂ ಬರದಂಗ ಆತು. ಆದ್ರ ಸಹಿ ಮಾಡಿಸಿಕೊಂಡು ವರ್ಷಕ್ಕೊಂದು ಸೀರಿ ಕೊಟ್ಟು ಕಳಸೂ ತಮ್ಮ ನಾ ಆಗಾಂಗಿಲ್ಲ. ನನ್ನ ಡಿಪ್ಲೊಮಾ ಫೀ ಎಲ್ಲಿಂದ ಬಂತು ಹೇಳು? ನೀ ರಾತ್ರಿ ಹನ್ನೊಂದರ ತನಕಾ ಮಶಿನ್ ತುಳದು ಮಂದಿ ಬ್ಲೌಸ್ ಹೊಲದಿ, ಆ ಸಪ್ಪಳ ಕೇಳಕೋತ ನಾ ಓದಿದ್ದು. ಅಪ್ಪ ದವಾಖಾನ್ಯಾಗ ಇದ್ದಾಗ ಕಿವಿಯೋಲಿ ಅಡವಿಟ್ಟು ರೊಕ್ಕಾ ಹಾಕಿದಿ, ಭಾವಗೂ ನನಗೂ ಆಗ ಹೇಳಲಿಲ್ಲ, ಮೊನ್ನೆ ಅವ್ವನ ಬಾಯಿಂದ ಗೊತ್ತಾತು.

ಹಿಂಗಾಗಿ ಸೋಮವಾರ ನಾಡಕಚೇರಿಗೆ ಹೋಗಿ ವಾರ್ಸಾಕ್ಕ ಅರ್ಜಿ ಕೊಟ್ಟೀನಿ, ಅಪ್ಪನ ಮರಣ ಪತ್ರ, ವಂಶಾವಳಿ ಎಲ್ಲಾ ಹಚ್ಚೀನಿ. ಅವ್ವ, ನೀ, ನಾ ಮೂರೂ ಹೆಸರು. ನಾಕ್ ಎಕರೆ 20 ಗುಂಟೆ, ಉತಾರದಾಗ ಒಂಬತ್ತನೇ ಕಾಲಮಿನ್ಯಾಗ ನಿನ್ನ ಹೆಸರು ಬರತೈತಿ. ಕಾಕಾ ಸಿಟ್ಟಾಗ್ಯಾನ, ಮಾತಾಡವಲ್ಲ, ಅದನ್ನ ನಾ ನೋಡಕೋತೀನಿ, ನಿನಗ ಮತ್ತ ಫೋನ್ ಮಾಡಿದ್ರ ತಮ್ಮನ್ನ ಕೇಳು ಅಂತಂದು ಇಟ್ಟ್ ಬಿಡು. ಹೊಲ ಸದ್ಯಕ್ಕ ನಾನ ಮಾಡ್ತೀನಿ, ಹೆಸರು ಮಾರಿದ ಮ್ಯಾಲ ಗೊಬ್ಬರ ಆಳಿನ ಖರ್ಚು ತಗದು ಲೆಕ್ಕ ಬರದು ಕಳಸ್ತೀನಿ, ನಿನ್ನ ಪಾಲು ನಿನ್ನ ಅಕೌಂಟಿಗೆ. ಹಿಂಗಾರಿಗೆ ಕಡ್ಲಿ ಹಾಕೂದೋ ಬಿಳಿಜೋಳ ಹಾಕೂದೋ ನೀನೂ ಹೇಳು, ಈಗ ಕೇಳಬೇಕಾಗತೈತಿ ನಿನ್ನ.

ನೆನಪೈತೇನು, ಶಾಳ್ಯಾಗ ಇದ್ದಾಗ ಮುಂಗೈ ಪೂರಾ ಮುಚ್ಚೂವಂಥ ಸ್ಪಂಜಿನ ರಾಖಿ, ಎರಡು ರೂಪಾಯಿದ್ದು, ನೀ ಶೇಂಗಾ ಆಯಾಕ ಹೋಗಿ ಬಂದ ರೊಕ್ಕದಾಗ ತಂದಿದ್ದಿ. ನಾ ಅದನ್ನ ಬಣ್ಣ ಹೋಗೂ ತನಕಾ ಬಿಚ್ಚಿರಲಿಲ್ಲ. ಆವಾಗ ನಿನಗ ಕೊಡಾಕ ನನ್ನ ಹತ್ರ ಏನೂ ಇರಲಿಲ್ಲ.

ನಿನ್ನ ಆಧಾರ್ ಕಾರ್ಡಿನ ಎರಡೂ ಕಡೆ ಫೋಟೋ ತಗದು ಇವತ್ತ ಕಳಸು, ತಲಾಟಿ ಕೇಳ್ಯಾನ. ಅಲ್ಲಿ ಇವತ್ತ ನಾರಳೀ ಪೌರ್ಣಿಮಾ ಅಲ್ಲಾ, ಹುಡುಗೂರಿಗೆ ಕೊಬ್ಬರಿ ಅನ್ನ ಮಾಡಿರ್ತಿ. ಹೆಸರು ಎಪಿಎಂಸಿಗೆ ಹಾಕಿದ ಮರುದಿನ ರಾತ್ರಿ ಬಸ್ಸಿಗೆ ನಾನ ಬರ್ತೀನಿ, ಉಂಡಿ ಡಬ್ಬಿ ತರ್ತೀನಿ, ಬರೂವಾಗ ನೀನೂ ಹುಡುಗೂರೂ ನನ್ನ ಕೂಡ ಹೊಂಡ್ರಿ, ಎಂಟ್ ದಿನ ರಜಾ ಕೇಳಿ ಇಡು. ಬೇವಿನ ಗಿಡದಾಗಿನ ಜೋಕಾಲಿ ಹಗ್ಗ ಇನ್ನೂ ಬಿಚ್ಚಿಲ್ಲ, ಅವ್ವ ಬ್ಯಾಡಂದಾಳ.